ಕಂತು ಹನ್ನೆರಡು ದಿನ ತಡವಾದರೆ: ದಂಡ, ಬೌನ್ಸ್, ಬಡ್ಡಿಯ ಲೆಕ್ಕ ಬಿಡಿಸಿ ನೋಡೋಣ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲದಲ್ಲೂ ತದಡಿಯಲ್ಲೂ ಬೋಟುಗಳು ದಡ ಹಿಡಿದು ನಿಲ್ಲುತ್ತವೆ. ಬೋಟಿನವರಿಗಷ್ಟೇ ಅಲ್ಲ, ಐಸ್ ಹಾಕುವವರಿಗೆ, ಮೀನು ಮಾರುವ ಹೆಂಗಸರಿಗೆ, ಮೀನಿನ ಗಾಡಿ ಓಡಿಸುವವರಿಗೆ ಕೈಯಲ್ಲಿ ದುಡ್ಡು ಕಡಿಮೆಯಾಗುವ ಎರಡು ತಿಂಗಳು ಅದು. ಸಾಲದ ಕಂತು ಮಾತ್ರ ಮಳೆಗಾಲ ಅಂತ ರಜೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಕಂತು ಎಂಟು ದಿನ, ಹತ್ತು ದಿನ ತಡವಾಗುವುದು ಈ ಎರಡು ತಿಂಗಳಲ್ಲೇ ಜಾಸ್ತಿ. ಆಗಸ್ಟ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆಸಿದಾಗ ಮೂರ್ನಾಲ್ಕು ಹೊಸ ಸಾಲುಗಳು ಕಾಣುತ್ತವೆ. ದಂಡ ಶುಲ್ಕ, ಬೌನ್ಸ್ ಶುಲ್ಕ, ತಡ ಪಾವತಿ ಬಡ್ಡಿ. ಇವೆಲ್ಲ ಒಂದೇನಾ, ಬೇರೆ ಬೇರೆನಾ? ಯಾವುದು ಸರಿ, ಯಾವುದನ್ನು ಪ್ರಶ್ನಿಸಬಹುದು?

ಇಲ್ಲಿ ಒಂದೇ ಒಂದು ಸಂದರ್ಭ ಹಿಡಿದು ನೋಡೋಣ. ಒಂದು ಕಂತು, ಹನ್ನೆರಡು ದಿನ ತಡ. ಅಷ್ಟೇ.

## ಕಂತು ತಪ್ಪಿದ ದಿನ ಏನಾಗುತ್ತದೆ

ಅಂಕೋಲಾದ ಒಬ್ಬ ಗೂಡ್ಸ್ ಗಾಡಿ ಮಾಲೀಕರನ್ನು ಊಹಿಸಿಕೊಳ್ಳಿ. ಬೈತಖೋಲದಿಂದ ಮೀನಿನ ಬಾಕ್ಸ್ ತುಂಬಿಕೊಂಡು ಯಲ್ಲಾಪುರ ದಾಟಿ ಹುಬ್ಬಳ್ಳಿಗೆ ಹೋಗುವ ಗಾಡಿ. ಅದಕ್ಕೆ ಒಂದು ಫೈನಾನ್ಸ್ ಕಂಪನಿಯಿಂದ 3 ಲಕ್ಷ ರೂಪಾಯಿ ಸಾಲ ತೆಗೆದಿದ್ದಾರೆ. ವರ್ಷಕ್ಕೆ ಶೇ 12 ಬಡ್ಡಿ, 36 ಕಂತು. ತಿಂಗಳ ಕಂತು 9,964 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಕು. ಹದಿಮೂರು ಕಂತು ಒಂದೂ ತಪ್ಪದೆ ಕಟ್ಟಿದ್ದಾರೆ. ಉಳಿದ ಅಸಲು ಸುಮಾರು 2,03,800 ರೂಪಾಯಿ. ಹದಿನಾಲ್ಕನೆಯದು ಜುಲೈ 5ಕ್ಕೆ ಬಂತು, ಆಗ ಖಾತೆಯಲ್ಲಿ ಇದ್ದದ್ದು ಆರು ಸಾವಿರ ಚಿಲ್ಲರೆ.

ಈಗ ಹೆಚ್ಚಿನ ಕಂತುಗಳು ಆಟೊ ಡೆಬಿಟ್‌ನಲ್ಲೇ ಹೋಗುತ್ತವೆ. ಸಾಲ ಕೊಡುವಾಗ ಒಂದು ಮ್ಯಾಂಡೇಟ್‌ಗೆ ಸಹಿ ಹಾಕಿಸಿಕೊಂಡಿರುತ್ತಾರೆ. ಗಡುವಿನ ದಿನ ಫೈನಾನ್ಸ್ ಕಂಪನಿ ನಿಮ್ಮ ಬ್ಯಾಂಕಿಗೆ ದುಡ್ಡು ಕೇಳುತ್ತದೆ. ಈ ವ್ಯವಸ್ಥೆಗೆ ನಾಚ್ ಅಂತ ಹೆಸರು. 2021ರ ಆಗಸ್ಟ್ 1ರಿಂದ ಅದು ಭಾನುವಾರ, ಹಬ್ಬದ ದಿನಗಳಲ್ಲೂ ನಡೆಯುತ್ತದೆ. ಹಾಗಾಗಿ 'ಇವತ್ತು ಭಾನುವಾರ, ನಾಳೆ ಹಾಕಿದರಾಯ್ತು' ಅನ್ನುವ ಹಳೆಯ ಲೆಕ್ಕ ನಡೆಯುವುದಿಲ್ಲ. ಬೆಳಿಗ್ಗೆಯೇ ದುಡ್ಡು ಕೇಳಿಬಿಡಬಹುದಾದ್ದರಿಂದ, ಹಿಂದಿನ ದಿನ ಸಂಜೆಯೇ ಖಾತೆಯಲ್ಲಿ ಹಣ ಇರಬೇಕು. 5ನೇ ತಾರೀಕು ಮಧ್ಯಾಹ್ನ ತುಂಬಿದವರಿಗೂ ಬೌನ್ಸ್ ಆಗುವುದು ಇದೇ ಕಾರಣಕ್ಕೆ.

ಖಾತೆಯಲ್ಲಿ ಪೂರ್ತಿ ಹಣ ಇಲ್ಲದಿದ್ದರೆ ಬ್ಯಾಂಕು ಇದ್ದಷ್ಟನ್ನು ಕೊಟ್ಟು ಕಳಿಸುವುದಿಲ್ಲ. 'ಹಣ ಸಾಲದು' ಅಂತ ವಾಪಸ್ ಮಾಡುತ್ತದೆ. ಆ ಒಂದು ವಾಪಸಾತಿಯಿಂದ ನಾಲ್ಕು ಬೇರೆ ಬೇರೆ ಖರ್ಚು ಹುಟ್ಟುತ್ತವೆ. ಇವನ್ನು ಒಂದೇ ಬುಟ್ಟಿಗೆ ಹಾಕಿ 'ದಂಡ ಹಾಕಿದ್ರು' ಅಂದುಬಿಟ್ಟರೆ ಮುಂದಿನ ಲೆಕ್ಕ ಹತ್ತುವುದಿಲ್ಲ.

ಮೊದಲನೆಯದು, ದುಡ್ಡು ಕೊಡಲು ಆಗದ ನಿಮ್ಮದೇ ಬ್ಯಾಂಕು ಹಿಡಿಯುವ ವಾಪಸಾತಿ ಶುಲ್ಕ. ಇದು ಸಾಲದ ಖಾತೆಗೆ ಬರುವುದೇ ಇಲ್ಲ, ಉಳಿತಾಯ ಖಾತೆಯಿಂದ ಹೋಗುತ್ತದೆ. ಎರಡನೆಯದು, ದುಡ್ಡು ಸಿಗದ ಸಾಲ ಕೊಟ್ಟವರು ಹಾಕುವ ಬೌನ್ಸ್ ಶುಲ್ಕ. ಮೂರನೆಯದು, ಕಟ್ಟದೆ ಉಳಿದ ಹಣಕ್ಕೆ ಆ ಹನ್ನೆರಡು ದಿನದ ಮಾಮೂಲಿ ಬಡ್ಡಿ. ನಾಲ್ಕನೆಯದು, ತಡ ಮಾಡಿದ್ದಕ್ಕೆ ದಂಡ. ಗಲಾಟೆ ಆಗುವುದು ಈ ನಾಲ್ಕನೆಯದರ ಬಗ್ಗೆ. ಆದರೆ ಸ್ವಲ್ಪ ದಿನದ ತಡದಲ್ಲಿ ಜಾಸ್ತಿ ದುಡ್ಡು ಹೋಗುವುದು ಮೊದಲ ಎರಡರಲ್ಲಿ. ಅದನ್ನು ಮುಂದೆ ನೋಡೋಣ.

## ದಂಡ ಬಡ್ಡಿ ಹೋಯಿತು, ದಂಡ ಶುಲ್ಕ ಬಂತು

ಹಿಂದೆ ತಡ ಮಾಡಿದರೆ 'ದಂಡ ಬಡ್ಡಿ' ಹಾಕುತ್ತಿದ್ದರು. ಅಂದರೆ ಬಡ್ಡಿಯ ದರವನ್ನೇ ಏರಿಸುವುದು. ಶೇ 12 ಇದ್ದದ್ದು ಶೇ 14 ಆಗುತ್ತಿತ್ತು. ಕೆಲವರು ಈ ಏರಿಸಿದ ದರವನ್ನು ತಪ್ಪಿದ ಕಂತಿಗಷ್ಟೇ ಹಾಕದೆ ಪೂರ್ತಿ ಸಾಲದ ಬಾಕಿಗೆ ಹಾಕುತ್ತಿದ್ದರು. ಆ ಬಡ್ಡಿ ಅಸಲಿಗೆ ಸೇರಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಯುತ್ತಿತ್ತು.

2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕ್ ಇದನ್ನು ಬದಲಿಸುವ ಸುತ್ತೋಲೆ ಹೊರಡಿಸಿತು. ದಂಡ ಇರುವುದು ಸಾಲಗಾರರಲ್ಲಿ ಶಿಸ್ತು ತರಲು, ಒಪ್ಪಿದ ಬಡ್ಡಿಯ ಮೇಲೆ ಇನ್ನಷ್ಟು ಆದಾಯ ಮಾಡಿಕೊಳ್ಳಲು ಅಲ್ಲ ಎಂಬುದು ಅದರಲ್ಲಿ ಕೊಟ್ಟ ಕಾರಣ. ಹೊಸ ಸಾಲಗಳಿಗೆ ಈ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಹಳೆಯ ಸಾಲಗಳನ್ನೂ 2024ರ ಜೂನ್ 30ರೊಳಗೆ ಇದೇ ಪದ್ಧತಿಗೆ ತರಬೇಕಿತ್ತು. ವಾಣಿಜ್ಯ ಬ್ಯಾಂಕು, ಗ್ರಾಮೀಣ ಬ್ಯಾಂಕು, ಅರ್ಬನ್ ಕೋ-ಆಪರೇಟಿವ್ ಬ್ಯಾಂಕು, ಗೃಹಸಾಲ ಕಂಪನಿಗಳೂ ಸೇರಿದಂತೆ ಎಲ್ಲ ಬ್ಯಾಂಕೇತರ ಫೈನಾನ್ಸ್ ಕಂಪನಿಗಳು ಇದರೊಳಗೆ ಬರುತ್ತವೆ. ಕ್ರೆಡಿಟ್ ಕಾರ್ಡ್ ಬರುವುದಿಲ್ಲ, ಅದಕ್ಕೆ ಬೇರೆಯೇ ನಿಯಮ ಇದೆ.

ನಿಯಮದ ತಿರುಳು ಇಷ್ಟು. ದಂಡವನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ಪ್ರತ್ಯೇಕ ಶುಲ್ಕವಾಗಿಯೇ ತೋರಿಸಬೇಕು. ಆ ಶುಲ್ಕದ ಮೇಲೆ ಬಡ್ಡಿ ಹಾಕುವಂತಿಲ್ಲ. ಕಂತು ತಪ್ಪಿದ್ದಕ್ಕೆ ಹಾಕುವ ದಂಡ, ತಪ್ಪಿದ ಮೊತ್ತದ ಮೇಲೆ ಮಾತ್ರ ಇರಬೇಕು. ಈ ಕೊನೆಯ ಮಾತನ್ನು ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಕೊಟ್ಟ ಪ್ರಶ್ನೋತ್ತರದಲ್ಲಿ ಬಿಡಿಸಿ ಹೇಳಿದೆ.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಅಕ್ಕಿ, ಎಣ್ಣೆಯ ಬಾಕಿ ಒಂದು ಪುಟದಲ್ಲಿ ಬೆಳೆಯುತ್ತಾ ಹೋಗುತ್ತದೆ. ತಡ ಮಾಡಿದ್ದಕ್ಕೆ ಅಂಗಡಿಯವರು ಐವತ್ತು ರೂಪಾಯಿ ದಂಡ ಅಂದರೆ, ಅದನ್ನು ಇನ್ನೊಂದು ಪುಟದಲ್ಲಿ ಬರೆದಿಡಬೇಕು. ಅಕ್ಕಿಯ ಪುಟಕ್ಕೆ ಕೂಡಿಸುವಂತಿಲ್ಲ, ದಂಡದ ಪುಟ ತನ್ನಷ್ಟಕ್ಕೆ ತಾನು ಬೆಳೆಯುವಂತೆಯೂ ಇಲ್ಲ. ಹೊಸ ನಿಯಮ ಹೇಳುವುದು ಇದನ್ನೇ.

ಎರಡು ವಿಷಯಗಳನ್ನು ಈ ನಿಯಮ ಮಾಡಿಲ್ಲ, ಅದೂ ಗೊತ್ತಿರಲಿ. ದಂಡ ಇಷ್ಟೇ ಇರಬೇಕು ಅಂತ ಮಿತಿ ಹಾಕಿಲ್ಲ. 'ನ್ಯಾಯಸಮ್ಮತವಾಗಿರಬೇಕು, ತಪ್ಪಿಗೆ ತಕ್ಕಷ್ಟಿರಬೇಕು' ಅಂದಿದೆ, ಅಷ್ಟೇ. ಹಾಗೆಯೇ, ಕಟ್ಟದೆ ಉಳಿದ ಹಣಕ್ಕೆ ಒಪ್ಪಂದದ ದರದಲ್ಲಿ ಮಾಮೂಲಿ ಬಡ್ಡಿ ಹಾಕುವುದನ್ನೂ ತಡೆದಿಲ್ಲ. 'ದಂಡ ಬಡ್ಡಿ ರದ್ದಾಗಿದೆ, ಈಗ ತಡವಾದರೆ ಏನೂ ಇಲ್ಲ' ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು ತಪ್ಪು.

## 'ಶೇ 2' ಅಂದರೆ ಎಷ್ಟು ರೂಪಾಯಿ?

ಸಾಲದ ಪತ್ರದಲ್ಲಿ ದಂಡದ ಸಾಲು ಹುಡುಕಿದರೆ ಸಾಮಾನ್ಯವಾಗಿ ಒಂದು ಶೇಕಡಾವಾರು ಕಾಣುತ್ತದೆ. ಉದಾಹರಣೆಗೆ ಶೇ 2. ನೋಡಿದರೆ ಚಿಕ್ಕದು. ಆದರೆ ಆ ಸಂಖ್ಯೆ ಒಂದೇ ಇದ್ದರೆ ಏನೂ ತಿಳಿಯುವುದಿಲ್ಲ. ಪಕ್ಕದಲ್ಲಿರುವ ಎರಡು ಮೂರು ಪದಗಳೇ ದುಡ್ಡನ್ನು ತೀರ್ಮಾನಿಸುವುದು.

ಅಂಕೋಲಾದ ಗಾಡಿಯದ್ದೇ ತೆಗೆದುಕೊಳ್ಳಿ. ಜುಲೈ 5ರ ಕಂತನ್ನು 17ಕ್ಕೆ ಕಟ್ಟಿದರು, ಹನ್ನೆರಡು ದಿನ ತಡ.

ಪತ್ರದಲ್ಲಿ 'ತಪ್ಪಿದ ಮೊತ್ತದ ಮೇಲೆ ವರ್ಷಕ್ಕೆ ಶೇ 2' ಅಂತ ಇದ್ದರೆ, 9,964 ರೂಪಾಯಿಗೆ ವರ್ಷದ ದಂಡ ಸುಮಾರು 199 ರೂಪಾಯಿ. ಹನ್ನೆರಡು ದಿನಕ್ಕೆ ಅದನ್ನು 365ರಿಂದ ಭಾಗಿಸಿ 12ರಿಂದ ಗುಣಿಸಿದರೆ ಆರೂವರೆ ರೂಪಾಯಿ. ಒಂದು ಚಹಾಕ್ಕೂ ಸಾಲದು.

'ತಿಂಗಳಿಗೆ ಶೇ 2' ಅಂತ ಇದ್ದು, ದಿನದ ಲೆಕ್ಕ ಹಿಡಿದರೆ? ತಿಂಗಳಿಗೆ 199, ಹನ್ನೆರಡು ದಿನಕ್ಕೆ ಸುಮಾರು 79 ರೂಪಾಯಿ. ಮೊದಲಿನದರ ಹನ್ನೆರಡು ಪಟ್ಟು.

'ತಿಂಗಳಿಗೆ ಅಥವಾ ತಿಂಗಳ ಯಾವುದೇ ಭಾಗಕ್ಕೆ ಶೇ 2' ಅಂತ ಇದ್ದರೆ? ಆಗ ಹನ್ನೆರಡು ದಿನವೂ ಒಂದು ತಿಂಗಳೇ, ಒಂದು ದಿನವೂ ಒಂದು ತಿಂಗಳೇ. ದಂಡ ಪೂರ್ತಿ 199 ರೂಪಾಯಿ. 6ನೇ ತಾರೀಕು ಕಟ್ಟಿದವರಿಗೂ ಅಷ್ಟೇ, 31ಕ್ಕೆ ಕಟ್ಟಿದವರಿಗೂ ಅಷ್ಟೇ. ಸಣ್ಣ ಅಕ್ಷರದಲ್ಲಿರುವ 'ಯಾವುದೇ ಭಾಗಕ್ಕೆ' ಅನ್ನುವ ಆ ಎರಡು ಪದಗಳನ್ನು ಸಹಿ ಹಾಕುವಾಗ ಯಾರೂ ಓದಿರುವುದಿಲ್ಲ, ಅಲ್ವಾ?

ಇನ್ನು ಯಾವುದರ ಮೇಲೆ ಶೇ 2 ಎನ್ನುವ ಪ್ರಶ್ನೆ. ಹಳೆಯ ಪದ್ಧತಿಯಂತೆ ಪೂರ್ತಿ ಬಾಕಿ 2,03,800ರ ಮೇಲೆ ವರ್ಷಕ್ಕೆ ಶೇ 2 ಹಾಕಿದರೆ ಹನ್ನೆರಡು ದಿನಕ್ಕೆ 134 ರೂಪಾಯಿ. ತಪ್ಪಿದ ಕಂತಿನ ಮೇಲೆ ಇದೇ ದರ ಹಾಕಿದಾಗ ಬಂದದ್ದು ಆರೂವರೆ. ದರ ಅದೇ, ದಿನವೂ ಅವೇ. ಆಧಾರ ಮಾಡಿಕೊಂಡ ಮೊತ್ತ ಬದಲಾದದ್ದಕ್ಕೆ ದಂಡ ಇಪ್ಪತ್ತು ಪಟ್ಟಾಯಿತು. ರಿಸರ್ವ್ ಬ್ಯಾಂಕಿನ ನಿಯಮ ಈಗ ಮುಚ್ಚಿರುವುದು ಈ ದಾರಿಯನ್ನು. ವರ್ಷವೋ ತಿಂಗಳೋ, ದಿನದ ಲೆಕ್ಕವೋ ಪೂರ್ತಿ ತಿಂಗಳೋ ಎಂಬುದನ್ನು ಅದು ಸಾಲ ಕೊಡುವವರ ನೀತಿಗೇ ಬಿಟ್ಟಿದೆ. ಹಾಗಾಗಿ ಓದಬೇಕಾದದ್ದು ಅಲ್ಲಿಯೇ.

ಸ್ತ್ರೀಶಕ್ತಿ ಗುಂಪಿನ ಥರ ಸೇರಿಕೊಂಡು ಮೈಕ್ರೋಫೈನಾನ್ಸ್‌ನಲ್ಲಿ ವಾರದ ಕಂತು ಕಟ್ಟುವವರಿಗೂ ಈ ಆಧಾರದ ನಿಯಮ ಇದೆ. ಅದು ಇನ್ನೂ ಹಳೆಯದು. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ ಮೈಕ್ರೋಫೈನಾನ್ಸ್ ಸಾಲದಲ್ಲಿ ತಡದ ದಂಡ ತಪ್ಪಿದ ಕಂತಿನ ಮೇಲೆ ಮಾತ್ರ ಇರಬೇಕು, ಇಡೀ ಸಾಲದ ಮೇಲಲ್ಲ.

## ಹನ್ನೆರಡು ದಿನಕ್ಕೆ ಒಟ್ಟು ಹೋದದ್ದು ಎಷ್ಟು

ಈಗ ನಾಲ್ಕೂ ಖರ್ಚನ್ನು ಕೂಡಿಸೋಣ. ನಮ್ಮ ಗಾಡಿ ಮಾಲೀಕರ ಪತ್ರದಲ್ಲಿ ಇರುವುದು 'ತಿಂಗಳ ಯಾವುದೇ ಭಾಗಕ್ಕೆ ಶೇ 2' ಅಂದುಕೊಳ್ಳಿ. ದಂಡ 199 ರೂಪಾಯಿ. ಕಟ್ಟದೆ ಉಳಿದ 9,964ಕ್ಕೆ ಶೇ 12ರಂತೆ ಹನ್ನೆರಡು ದಿನದ ಮಾಮೂಲಿ ಬಡ್ಡಿ 39 ರೂಪಾಯಿ. ಫೈನಾನ್ಸ್ ಕಂಪನಿಯ ಬೌನ್ಸ್ ಶುಲ್ಕ 500 ಎಂದಿಟ್ಟುಕೊಳ್ಳೋಣ. ಮಾಲೀಕರ ಸ್ವಂತ ಬ್ಯಾಂಕು ತೆರಿಗೆ ಸೇರಿ 295 ಹಿಡಿಯಿತು. ಒಟ್ಟು 1,033 ರೂಪಾಯಿ.

ಕಂತಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಹೋಯಿತು. ಆದರೆ ಎಲ್ಲಿ ಹೋಯಿತು ನೋಡಿ. ದುಡ್ಡು ತಡವಾಗಿ ಬಂದದ್ದಕ್ಕೆ ಆದ ನಿಜವಾದ ಬಡ್ಡಿ 39 ರೂಪಾಯಿ. ದಂಡ 199. ಉಳಿದ 795 ರೂಪಾಯಿ ಬರೀ ಬೌನ್ಸ್ ಆದದ್ದಕ್ಕೆ. ಹನ್ನೆರಡು ದಿನದ ಬದಲು ಒಂದೇ ದಿನ ತಡವಾಗಿದ್ದರೂ ಆ 795 ಹೋಗುತ್ತಿತ್ತು. 'ದಂಡ ಜಾಸ್ತಿ ಹಾಕಿದ್ದಾರೆ' ಅಂತ ಜಗಳಕ್ಕೆ ಹೋಗುವ ಮುಂಚೆ ಈ ಪಾಲು ನೋಡಿಕೊಂಡರೆ, ಯಾರ ಹತ್ತಿರ ಏನು ಕೇಳಬೇಕು ಅನ್ನುವುದು ಸ್ಪಷ್ಟವಾಗುತ್ತದೆ.

ಇದಕ್ಕೆ ಇನ್ನೊಂದು ತಿರುವೂ ಇದೆ. ಮೊದಲ ಸಲ ದುಡ್ಡು ಸಿಗದಿದ್ದರೆ ಸಾಲ ಕೊಟ್ಟವರು ಅದೇ ತಿಂಗಳು ಮತ್ತೊಮ್ಮೆ ಮ್ಯಾಂಡೇಟ್ ಕಳಿಸಬಹುದು. 12ನೇ ತಾರೀಕು ಮತ್ತೆ ಕಳಿಸಿದರು, ಆಗಲೂ ಖಾತೆ ಖಾಲಿ ಅಂದರೆ ಬ್ಯಾಂಕು ಇನ್ನೊಂದು 295 ಹಿಡಿಯುತ್ತದೆ. ಜೂನ್ ಕೊನೆಗೇ ಈ ಸಲ ಆಗುವುದಿಲ್ಲ ಅಂತ ಗೊತ್ತಿದ್ದವರು ಫೈನಾನ್ಸ್ ಶಾಖೆಗೆ ಹೋಗಿ 'ಯಾವ ದಿನ ಮತ್ತೆ ಕಳಿಸುತ್ತೀರಿ' ಎಂದು ಕೇಳಿಕೊಂಡರೆ, ಎರಡನೇ ಬೌನ್ಸಾದರೂ ತಪ್ಪುತ್ತದೆ. ಕಂತಿನ ತಾರೀಕನ್ನೇ ಬದಲಿಸಿಕೊಡುವವರೂ ಇದ್ದಾರೆ. ಅದು ಅವರ ಇಷ್ಟ, ನಮ್ಮ ಹಕ್ಕಲ್ಲ.

ದಂಡ ಶುಲ್ಕದ ಮೇಲೆ ಜಿಎಸ್‌ಟಿ ಹಾಕಿದ್ದರೆ ಅದನ್ನು ಖಂಡಿತ ಕೇಳಬಹುದು. ಸಾಲದ ಷರತ್ತು ಮುರಿದದ್ದಕ್ಕೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಹಾಕುವ ದಂಡ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಅಂತ 2025ರ ಜನವರಿಯಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿ ಸ್ಪಷ್ಟಪಡಿಸಿದೆ.

## ಕಂತು ಕಟ್ಟಿದ ಮೇಲೂ ಬಾಕಿ ಉಳಿಯುವುದು ಹೇಗೆ

ಜನ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ.

ಜುಲೈ 17ಕ್ಕೆ ಗಾಡಿ ಮಾಲೀಕರು ಆ್ಯಪ್‌ನಲ್ಲಿ ಸರಿಯಾಗಿ 9,964 ಕಟ್ಟಿದರು. ಅವರ ಮನಸ್ಸಿನಲ್ಲಿ ಜುಲೈ ಮುಗಿಯಿತು. ಫೈನಾನ್ಸ್ ಕಂಪನಿಯ ಪುಸ್ತಕದಲ್ಲಿ ಮುಗಿದಿಲ್ಲ. ದಂಡ 199, ಬೌನ್ಸ್ 500, ಬಡ್ಡಿ 39, ಒಟ್ಟು 738 ರೂಪಾಯಿ ಅಲ್ಲಿ ಕೂತಿದೆ. ಯಾರೂ ಫೋನ್ ಮಾಡಿ ಕೇಳಲಿಲ್ಲ. ಆಗಸ್ಟ್ 5ಕ್ಕೆ ಆಟೊ ಡೆಬಿಟ್‌ನಲ್ಲಿ 9,964 ಹೋಯಿತು. ಈ ಹಣ ಮೊದಲು ಯಾವುದಕ್ಕೆ ಜಮೆ ಆಗುತ್ತದೆ?

ಜಮೆಯ ಕ್ರಮ ಒಪ್ಪಂದದಲ್ಲಿ ಬರೆದಿರುತ್ತದೆ. ಮೊದಲು ಕಂತು, ಆಮೇಲೆ ಶುಲ್ಕ ಎಂದಿದ್ದರೆ ಆಗಸ್ಟ್ ಕಂತು ಪೂರ್ತಿ ಸಂದಾಯ. 738 ಮಾತ್ರ ಬದಿಯಲ್ಲಿ ಉಳಿಯುತ್ತದೆ, ಬೆಳೆಯುವುದಿಲ್ಲ. ಮೊದಲು ಶುಲ್ಕ, ಆಮೇಲೆ ಕಂತು ಎಂದಿದ್ದರೆ ಕತೆ ಬೇರೆ. 9,964ರಲ್ಲಿ 738 ಹಳೆಯ ಶುಲ್ಕಕ್ಕೆ ಹೋಯಿತು, ಆಗಸ್ಟ್ ಕಂತಿಗೆ ಸಿಕ್ಕಿದ್ದು 9,226. ಈಗ ಆಗಸ್ಟ್ ಕಂತೇ 738 ಕಡಿಮೆ. ಅಂದರೆ ಆಗಸ್ಟ್‌ನಲ್ಲೂ ಅವರು ಕಂತು ತಪ್ಪಿಸಿದವರೇ. ಆ 738ಕ್ಕೆ ಶೇ 2ರಂತೆ ಮತ್ತೆ 15 ರೂಪಾಯಿ ದಂಡ, ಜೊತೆಗೆ ಒಂದಿಷ್ಟು ಬಡ್ಡಿ. ಸೆಪ್ಟೆಂಬರ್‌ನಲ್ಲಿ ಮತ್ತೆ ಅದೇ.

ಹದಿನೈದು ರೂಪಾಯಿ ಏನು ದೊಡ್ಡದು ಅನ್ನಬಹುದು. ದುಡ್ಡಿಗಿಂತ ಜಾಸ್ತಿ ತೊಂದರೆ ಎಂದರೆ, ತಿಂಗಳು ತಿಂಗಳು ಸರಿಯಾಗಿ ಕಟ್ಟುತ್ತಿದ್ದರೂ ಖಾತೆ 'ಸುಸ್ತಿ' ಅಂತಲೇ ತೋರಿಸುತ್ತಿರುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ದಂಡದ ಮೇಲೆ ಬಡ್ಡಿ ಹಾಕಬಾರದು ಎಂಬ ನಿಯಮವನ್ನು ನೇರವಾಗಿ ಯಾರೂ ಮುರಿದಿಲ್ಲ. ಆದರೆ ದಂಡವನ್ನು ಕಂತಿನಿಂದ ಮುರಿದುಕೊಂಡು, ಕಡಿಮೆ ಬಿದ್ದ ಕಂತಿಗೆ ಮತ್ತೆ ದಂಡ, ಬಡ್ಡಿ ಹಾಕಿದರೆ ಆಗುವ ಪರಿಣಾಮ ಅದೇ ಅಲ್ವಾ? ಸ್ಟೇಟ್‌ಮೆಂಟ್‌ನಲ್ಲಿ ಹೀಗೆ ಕಂಡರೆ ಸುಮ್ನೆ ಬಿಡಬೇಡಿ, ಇದನ್ನು ಬರಹದಲ್ಲೇ ಪ್ರಶ್ನಿಸಬೇಕು.

ಇದನ್ನು ತಪ್ಪಿಸುವ ದಾರಿ ಸರಳ. ತಡವಾಗಿ ಕಟ್ಟುವ ದಿನ 'ಕಂತು ಎಷ್ಟು' ಅಂತ ಕೇಳಬೇಡಿ, 'ಇವತ್ತು ಕಟ್ಟಿದರೆ ಖಾತೆ ಪೂರ್ತಿ ಚುಕ್ತಾ ಆಗಲು ಎಷ್ಟು' ಅಂತ ಕೇಳಿ. ಆ್ಯಪ್‌ನಲ್ಲಿ ಕಂತು ಮತ್ತು ಶುಲ್ಕ ಬೇರೆ ಬೇರೆ ಸಾಲಿನಲ್ಲಿ ಇರುತ್ತವೆ, ಎರಡಕ್ಕೂ ಗುರುತು ಹಾಕಿ ಕಟ್ಟಬೇಕಾಗಬಹುದು. ಶುಲ್ಕ ತಪ್ಪು ಅನ್ನಿಸಿದರೆ ಕಂತನ್ನಷ್ಟೇ ಕಟ್ಟಿ, ಅದೇ ದಿನ ಇಮೇಲ್‌ನಲ್ಲಿ 'ಈ ಹಣ ಜುಲೈ ಕಂತಿಗೆ, ಶುಲ್ಕದ ಬಗ್ಗೆ ತಕರಾರು ಇದೆ' ಎಂದು ಬರೆದು ಇಡಿ. ಮನೆಗೆ ಬರುವ ಕಲೆಕ್ಷನ್‌ನವರ ಕೈಗೆ ನಗದು ಕೊಟ್ಟರೆ ರಸೀದಿಯಲ್ಲಿ ತಾರೀಕು ನೋಡಿಕೊಳ್ಳಿ. 17ಕ್ಕೆ ಕೊಟ್ಟ ದುಡ್ಡು ಖಾತೆಗೆ 20ಕ್ಕೆ ಜಮೆ ಆದರೆ, ಮೂರು ದಿನದ ಲೆಕ್ಕಕ್ಕೆ ವಾದಿಸಲು ಆ ಚೀಟಿ ಒಂದೇ ಆಧಾರ.

ಈ ಸಣ್ಣ ಬಾಕಿಗಳು ಕೊನೆಗೆ ಎದುರಾಗುವುದು, ಸಾಲ ತೀರಿದೆ ಎನ್ನುವ ಎನ್‌ಓಸಿ ಪತ್ರ ತೆಗೆಯುವಾಗ. 36 ಕಂತು ಮುಗಿದ ಮೇಲೆ ಆರ್‌ಸಿಯಲ್ಲಿರುವ ಫೈನಾನ್ಸ್ ಕಂಪನಿಯ ಹೆಸರು ತೆಗೆಸಬೇಕು. ಕೆಎ-30 ಗಾಡಿಯಾದರೆ ಕಾರವಾರದ ಆರ್‌ಟಿಒ, ಕೆಎ-31 ಆದರೆ ಶಿರಸಿ. ಅಲ್ಲಿಗೆ ಫಾರ್ಮ್ 35 ಮತ್ತು ಎನ್‌ಓಸಿ ಬೇಕು. 'ಶುಲ್ಕದ ಬಾಕಿ ಇದೆ, ಕಟ್ಟಿದ ಮೇಲೆ ಕೊಡುತ್ತೇವೆ' ಅಂತ ಆಗ ಹೇಳುತ್ತಾರೆ. ಮೂರು ವರ್ಷದ ಹಳೆಯ ಬೌನ್ಸ್‌ಗಳ ಪಟ್ಟಿ ಆಗ ಹೊರಗೆ ಬರುತ್ತದೆ.

## ಹನ್ನೆರಡು ದಿನ ಸಿಬಿಲ್‌ನಲ್ಲಿ ಕಾಣುತ್ತದೆಯಾ?

ಕಾಣಬಹುದು. ಮೊದಲು ಸಾಲದ ಮಾಹಿತಿ ತಿಂಗಳಿಗೊಮ್ಮೆ ಸಿಬಿಲ್‌ನಂಥ ಕ್ರೆಡಿಟ್ ಸಂಸ್ಥೆಗಳಿಗೆ ಹೋಗುತ್ತಿತ್ತು. 2025ರ ಜನವರಿಯಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಹೋಗಬೇಕು. 15ನೇ ತಾರೀಕಿನ ಸ್ಥಿತಿ ಒಂದು, ತಿಂಗಳ ಕೊನೆಯ ದಿನದ್ದು ಇನ್ನೊಂದು. 5ರ ಕಂತನ್ನು 17ಕ್ಕೆ ಕಟ್ಟಿದರೆ 15ರ ಚಿತ್ರದಲ್ಲಿ ಹತ್ತು ದಿನದ ಬಾಕಿ ಇರುತ್ತದೆ. ತಿಂಗಳಿಗೊಮ್ಮೆ ಇದ್ದಾಗ ಕೊನೆಯೊಳಗೆ ಕಟ್ಟಿದರೆ ಕಾಣದೆ ಹೋಗುತ್ತಿತ್ತು, ಈಗ ಆ ಅವಕಾಶ ಕಿರಿದಾಗಿದೆ.

ಸಾಲ ಕೊಟ್ಟವರ ಕಡೆ ಮೊದಲ 30 ದಿನದ ಬಾಕಿಗೆ ಒಂದು ಎಚ್ಚರಿಕೆಯ ಗುರುತು ಬೀಳುತ್ತದೆ, 30 ದಾಟಿದರೆ ಇನ್ನೊಂದು, 60 ದಾಟಿದರೆ ಮತ್ತೊಂದು. 90 ದಿನ ದಾಟಿದರೆ ಎನ್‌ಪಿಎ, ಅಂದರೆ ವಸೂಲಾಗದ ಸಾಲದ ಪಟ್ಟಿ. ಹನ್ನೆರಡು ದಿನ ತಡ ಅಂದರೆ ಎನ್‌ಪಿಎಯಿಂದ ದೂರವೇ. ಹಾಗಾಗಿ 'ಇವತ್ತು ಕಟ್ಟದಿದ್ದರೆ ನಾಳೆ ಎನ್‌ಪಿಎ' ಅಂತ ಹತ್ತನೇ ದಿನಕ್ಕೆ ಹೆದರಿಸುವ ಫೋನ್ ಬಂದರೆ ಅದು ನಿಜವಲ್ಲ.

## ಸ್ಟೇಟ್‌ಮೆಂಟ್ ತೆಗೆಸಿ ಏನು ನೋಡಬೇಕು

ಎರಡು ಕಾಗದ ಬೇಕು. ಸಾಲದ ಖಾತೆಯ ಸ್ಟೇಟ್‌ಮೆಂಟ್ ಒಂದು. ಇನ್ನೊಂದು, ಸಾಲ ಕೊಡುವಾಗ ಕೊಟ್ಟ ಕೆಎಫ್‌ಎಸ್, ಅಂದರೆ ಸಾಲದ ಮುಖ್ಯ ವಿವರಗಳ ಪತ್ರ. 2024ರ ಅಕ್ಟೋಬರ್ 1ರಿಂದ ಮಂಜೂರಾದ ವೈಯಕ್ತಿಕ ಸಾಲಗಳಿಗೂ ಸಣ್ಣ ಉದ್ಯಮದ ಅವಧಿ ಸಾಲಗಳಿಗೂ ಈ ಪತ್ರ ಕೊಡಲೇಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಕನ್ನಡದಲ್ಲೇ ಕೇಳಿ. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಸಾಲದ ಅವಧಿಯಲ್ಲಿ ಯಾವತ್ತೂ ಹಾಕುವಂತಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ಮೊದಲು ಬಡ್ಡಿ ದರ ನೋಡಿ. ಕಂತು ತಪ್ಪಿದ ತಿಂಗಳ ನಂತರ ದರ ಏರಿದ್ದರೆ ಅದು ಹೆಸರು ಬದಲಿಸಿಕೊಂಡ ದಂಡ ಬಡ್ಡಿಯೇ. ಬದಲಾಗುವ ದರದ ಸಾಲವಾದರೆ ಬೇರೆ ಕಾರಣಕ್ಕೂ ಏರಿರಬಹುದು, ತಾರೀಕು ತಾಳೆ ಹಾಕಿ. ಆಮೇಲೆ ದಂಡದ ಮೊತ್ತವನ್ನು ನೀವೇ ಲೆಕ್ಕ ಹಾಕಿ. ತಪ್ಪಿದ ಮೊತ್ತ, ದರ, ದಿನ, ಮೂರನ್ನೂ ಹಿಡಿದು ಮೇಲೆ ತೋರಿಸಿದ ಹಾಗೆ ಲೆಕ್ಕ ಹಾಕಿದಾಗ ಬಂದ ಸಂಖ್ಯೆಗೂ ಅವರ ಸಂಖ್ಯೆಗೂ ಹತ್ತಿಪ್ಪತ್ತು ಪಟ್ಟು ವ್ಯತ್ಯಾಸ ಕಂಡರೆ, ಪೂರ್ತಿ ಬಾಕಿಯ ಮೇಲೆ ಹಾಕಿದ್ದಾರೆ ಅಂತ ಅನುಮಾನಿಸಿ. ನಮ್ಮ ಗಾಡಿಯ ಲೆಕ್ಕದಲ್ಲಿ 199ರ ಜಾಗದಲ್ಲಿ 4,076 ಎಂದು ಕಂಡರೆ ಅದು 2,03,800ರ ಶೇ 2. ಕೊನೆಗೆ ಅಸಲಿನ ಬಾಕಿ ನೋಡಿ. ದಂಡ ಬಿದ್ದ ದಿನ ಅಸಲು ಅಷ್ಟೇ ಮೊತ್ತಕ್ಕೆ ಏರಿದ್ದರೆ ದಂಡವನ್ನು ಅಸಲಿಗೆ ಸೇರಿಸಿದ್ದಾರೆ, ಹಾಗೆ ಮಾಡುವಂತಿಲ್ಲ.

ದಂಡ ಹಾಕಿದ್ದನ್ನೂ ಯಾಕೆ ಹಾಕಿದ್ದು ಎಂಬುದನ್ನೂ ಅವರು ನಿಮಗೆ ತಿಳಿಸಬೇಕು. ಕಂತಿನ ಜ್ಞಾಪನೆಯ ಸಂದೇಶದಲ್ಲೂ ದಂಡ ಎಷ್ಟು ಅಂತ ಹೇಳಿರಬೇಕು. ತಪ್ಪು ಕಂಡರೆ ಶಾಖೆಯಲ್ಲಿ ಬಾಯಲ್ಲಿ ಹೇಳಿ ಬರಬೇಡಿ, ದೂರು ವಿಭಾಗಕ್ಕೆ ಬರೆದು ಸಂಖ್ಯೆ ತೆಗೆದುಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿ ಅನ್ನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. cms.rbi.org.in ತಾಣದಲ್ಲಿ ದೂರು ಹಾಕಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು.

## ಘಟ್ಟದ ಮೇಲೆ ಸೊಸೈಟಿ ಸಾಲದ ಕತೆ ಬೇರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ತೋಟದವರ ಸಾಲ ಹೆಚ್ಚಾಗಿ ವ್ಯವಸಾಯ ಸೇವಾ ಸಹಕಾರಿ ಸಂಘದಲ್ಲೋ ಸೌಹಾರ್ದದಲ್ಲೋ ಇರುತ್ತದೆ. ಮೇಲೆ ಹೇಳಿದ ರಿಸರ್ವ್ ಬ್ಯಾಂಕ್ ಸುತ್ತೋಲೆ ಇವಕ್ಕೆ ಬರುವುದಿಲ್ಲ. ಇವು ರಾಜ್ಯದ ಸಹಕಾರಿ ಕಾಯ್ದೆ, ಸೌಹಾರ್ದ ಕಾಯ್ದೆಗಳ ಅಡಿಯ ಸಂಸ್ಥೆಗಳು. ತಡವಾದರೆ ಎಷ್ಟು ಎಂಬುದು ಸಂಘದ ಉಪನಿಯಮ, ಸಾಲದ ಪತ್ರದಲ್ಲಿ ಇರುತ್ತದೆ. 'ರಿಸರ್ವ್ ಬ್ಯಾಂಕ್ ಹೀಗೆ ಹೇಳಿದೆ' ಅಂತ ಸೊಸೈಟಿ ಕಾರ್ಯದರ್ಶಿಗಳ ಮುಂದೆ ವಾದ ಮಾಡಿದರೆ ಕೆಲಸ ಆಗುವುದಿಲ್ಲ. ತಕರಾರು ಇದ್ದರೆ ಹೋಗಬೇಕಾದದ್ದು ಸಹಕಾರ ಇಲಾಖೆಗೆ.

ಬೆಳೆಸಾಲದಲ್ಲಿ ಗಡುವು ತಪ್ಪುವುದು ದಂಡಕ್ಕಿಂತ ದೊಡ್ಡ ಹೊಡೆತ. ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ ಕೊಡುವ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ರೈತರು ಬಡ್ಡಿ ಕೊಡಬೇಕಿಲ್ಲ, ಆ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಷರತ್ತು ಒಂದೇ, ಗಡುವಿನೊಳಗೆ ತೀರಿಸಬೇಕು. ತಪ್ಪಿದರೆ ರಿಯಾಯಿತಿ ಹೋಗುತ್ತದೆ, ಬಡ್ಡಿ ರೈತರ ತಲೆಗೆ ಬರುತ್ತದೆ. ಬ್ಯಾಂಕಿನ ಕಿಸಾನ್ ಕಾರ್ಡ್ ಸಾಲದಲ್ಲೂ ಇದೇ ಥರ. ಕೇಂದ್ರದ ಯೋಜನೆಯಲ್ಲಿ 3 ಲಕ್ಷದವರೆಗಿನ ಬೆಳೆಸಾಲದ ಬಡ್ಡಿ ಶೇ 7. ಸಕಾಲದಲ್ಲಿ ಕಟ್ಟಿದವರಿಗೆ ಶೇ 3 ವಾಪಸ್ ಸಿಕ್ಕಿ ಶೇ 4 ಬೀಳುತ್ತದೆ. 2 ಲಕ್ಷಕ್ಕೆ ಒಂದು ವರ್ಷದ ಲೆಕ್ಕ ಹಾಕಿದರೆ ಸಕಾಲದವರಿಗೆ 8,000, ತಡ ಮಾಡಿದವರಿಗೆ 14,000. ಆರು ಸಾವಿರದ ವ್ಯತ್ಯಾಸ. ಗಾಡಿ ಸಾಲದ ಹಾಗೆ ದಿನಕ್ಕಿಷ್ಟು ಅಂತ ಏರುವ ಮೊತ್ತ ಅಲ್ಲ ಇದು. ಗಡುವು ದಾಟಿದ ಮರುದಿನವೇ ಅಷ್ಟೂ ಕೈತಪ್ಪುತ್ತದೆ.

ಅಡಿಕೆ ಮಾರಿ ಬಂದ ಹಣದಲ್ಲಿ ಸಾಲ ಮುರಿದುಕೊಳ್ಳಲಿ ಅಂತ ಬಿಟ್ಟಿರುವವರು ಇದೊಂದನ್ನು ನೋಡಿಕೊಳ್ಳಬೇಕು. ವ್ಯಾಪಾರ ಆದ ದಿನ ಬೇರೆ, ಆ ಹಣ ಸಾಲದ ಖಾತೆಗೆ ಜಮೆ ಆದ ದಿನ ಬೇರೆ. ಗಡುವಿಗೆ ಲೆಕ್ಕ ಹಿಡಿಯುವುದು ಎರಡನೆಯದನ್ನು. ಹಾಗಾಗಿ ಗಡುವಿಗೆ ಒಂದು ವಾರ ಇರುವಾಗಲೇ ಪಾಸ್‌ಪುಸ್ತಕ ತೆಗೆದುಕೊಂಡು ಹೋಗಿ, ಸಾಲದ ಖಾತೆಯಲ್ಲಿ ಜಮೆ ಬಿದ್ದಿದೆಯೇ ಎಂದು ಕೌಂಟರಿನಲ್ಲಿ ಬರೆಸಿಕೊಂಡು ಬನ್ನಿ.